ಬಿಳಿ ಕಣ್ಣು ಯಾವ ಕಡೆ?

ಕಳೆದ ಬೇಸಿಗೆಯಲ್ಲಿ ಬಳ್ಳಾರಿಯ ಕೌಲ್ ಬಜಾರಿನ ಒಂದು ಮಾಳಿಗೆ ಕೋಣೆಯಲ್ಲಿ ನಾವು ಆರು ಜನ ಸೇರಿ ಒಂದು ನಾಟಕದ ತಾಲೀಮು ಮಾಡಿದೆವು. ಸಂಜೆ ಏಳಾದರೂ ಗೋಡೆ ಮುಟ್ಟಿದರೆ ಬಿಸಿ. ಫ್ಯಾನಿನ ಸದ್ದಿಗೆ ಮಾತು ಕೇಳಿಸುವುದಿಲ್ಲ ಎಂದು ಅದನ್ನು ಆರಿಸಿ ಬೆವರುತ್ತಾ ಓದುತ್ತಿದ್ದೆವು. ನಾಟಕ ಯೂಜೀನ್ ಐಯನೆಸ್ಕೋ ಬರೆದ 'ಬೋಳುತಲೆಯ ಗಾಯಕಿ'. ಅದರಲ್ಲಿ ಇರುವುದೂ ಆರೇ ಪಾತ್ರ. ಸ್ಮಿತ್ ದಂಪತಿ, ಮಾರ್ಟಿನ್ ದಂಪತಿ, ಮನೆಗೆಲಸದ ಮೇರಿ, ಮತ್ತೊಬ್ಬ ಫೈರ್ ಆಫೀಸರ್. ನನ್ನದು ಫೈರ್ ಆಫೀಸರ್ ಪಾತ್ರ. ಕನ್ನಡ ಮಾಡುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು.

ಗಾಯಕಿ ಮಾತ್ರ ನಾಟಕದಲ್ಲಿ ಬರುವುದಿಲ್ಲ. ಹೊರಡುವ ಮುಂಚೆ ಫೈರ್ ಆಫೀಸರ್ ಒಂದೇ ಒಂದು ಸಲ ಕೇಳುತ್ತಾನೆ, 'ಅಂದಹಾಗೆ, ಆ ಬೋಳುತಲೆಯ ಗಾಯಕಿ?' ಎಲ್ಲರೂ ಮುಜುಗರದಿಂದ ಸುಮ್ಮನಾಗುತ್ತಾರೆ. ಆಮೇಲೆ ಸ್ಮಿತ್‌ನ ಹೆಂಡತಿ ಹೇಳುತ್ತಾಳೆ, 'ಆಕೆ ಈಗಲೂ ಹಾಗೇ ತಲೆ ಬಾಚಿಕೊಳ್ಳುತ್ತಾಳೆ.' ಅಷ್ಟೇ.

ಇಂಥ ನಾಟಕಗಳನ್ನು ಕನ್ನಡದಲ್ಲಿ ಅಸಂಗತ ನಾಟಕ ಎನ್ನುತ್ತೇವೆ. ಚಂದ್ರಶೇಖರ ಪಾಟೀಲರ 'ಕೊಡೆಗಳು', ಲಂಕೇಶರ 'ತೆರೆಗಳು' ಓದಿದವರಿಗೆ ಈ ಹೆಸರು ಹೊಸದಲ್ಲ. ಆದರೆ ಅಸಂಗತ ಎನ್ನುವ ಪದವೇ ಒಂದು ತಪ್ಪು ದಾರಿ ತೋರಿಸುತ್ತದೆ ಎಂದು ತಾಲೀಮಿನಲ್ಲಿ ನನಗೆ ಅನ್ನಿಸತೊಡಗಿತು. ಕೇಳಿದವರು ಇದರಲ್ಲಿ ಯಾವುದಕ್ಕೂ ಯಾವುದೂ ಸಂಬಂಧವಿಲ್ಲ, ಬಾಯಿಗೆ ಬಂದದ್ದು ಮಾತಾಡುತ್ತಾರೆ ಎಂದುಕೊಳ್ಳುತ್ತಾರೆ. ಈ ನಾಟಕದಲ್ಲಿ ಸಂಬಂಧ ಜಾಸ್ತಿಯೇ ಇದೆ. ಪ್ರತಿ ಮಾತೂ ಹಿಂದಿನ ಮಾತಿಗೆ ಗಟ್ಟಿಯಾಗಿ ಅಂಟಿಕೊಂಡಿದೆ. ಮುರಿದಿರುವುದು ಬೇರೆ ಎಲ್ಲೋ. ಎಲ್ಲಿ ಎಂದು ಹುಡುಕುತ್ತಲೇ ನಮ್ಮ ಎರಡು ತಿಂಗಳು ಕಳೆದವು.

ಮೊದಲು ನಾಟಕ ಹುಟ್ಟಿದ ಬಗೆ ಹೇಳಬೇಕು. ಐಯನೆಸ್ಕೋ ರೊಮೇನಿಯಾದಲ್ಲಿ ಹುಟ್ಟಿದವರು, ಪ್ಯಾರಿಸ್‌ನಲ್ಲಿ ನೆಲೆಸಿದವರು. ಇಂಗ್ಲಿಷ್ ಕಲಿಯಬೇಕೆಂದು ಅಸಿಮಿಲ್ ಎನ್ನುವ ಭಾಷಾ ಕಲಿಕೆಯ ಪುಸ್ತಕ ತಂದು, ಅದರ ವಾಕ್ಯಗಳನ್ನು ಕಾಪಿ ಮಾಡಿ ಬಾಯಿಪಾಠ ಮಾಡಲು ಕೂತರು. ವಾರಕ್ಕೆ ಏಳು ದಿನ, ನೆಲ ಕೆಳಗಿದೆ, ಮಾಳಿಗೆ ಮೇಲಿದೆ. ಹೀಗೇ ಸಾಗುತ್ತದೆ ಪುಸ್ತಕ. ಮುಂದಿನ ಪಾಠದಲ್ಲಿ ಸ್ಮಿತ್ ದಂಪತಿ ಬರುತ್ತಾರೆ. ನಾವು ಲಂಡನ್ ಹತ್ತಿರ ಇದ್ದೇವೆ, ನಮ್ಮ ಹೆಸರು ಸ್ಮಿತ್ ಎಂದು ಹೆಂಡತಿ ಗಂಡನಿಗೇ ತಿಳಿಸುತ್ತಾಳೆ. ಆ ವಾಕ್ಯಗಳು ನಾಟಕವಾದವು. 1950ರ ಮೇ 11ರಂದು ಪ್ಯಾರಿಸ್‌ನ ನೊಕ್ತಾಂಬ್ಯೂಲ್ ರಂಗಮಂದಿರದಲ್ಲಿ ನಿಕೊಲಾ ಬತಾಯ್ ನಿರ್ದೇಶನದಲ್ಲಿ ಮೊದಲ ಪ್ರಯೋಗ ಆಯಿತು. ಅದೇ ಊರಿನ ಯೂಶೆಟ್ ಎನ್ನುವ ಪುಟ್ಟ ರಂಗಮಂದಿರದಲ್ಲಿ 1957ರಿಂದ ಅದನ್ನು ಆಡುತ್ತಲೇ ಬಂದಿದ್ದಾರೆ.

ಈ ಹುಟ್ಟಿನ ಕಥೆ ನನಗೆ ತುಂಬಾ ಹತ್ತಿರದ್ದು. ಸಿರುಗುಪ್ಪದ ಕಡೆಯ ಹಳ್ಳಿಯಿಂದ ಬಳ್ಳಾರಿಗೆ ಕಾಲೇಜಿಗೆ ಬಂದಾಗ ನಾನೂ ಬಸ್ ಸ್ಟ್ಯಾಂಡಿನಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕ ಕೊಂಡಿದ್ದೆ. 'ಇದು ನನ್ನ ಕೈ. ಇವರು ನನ್ನ ತಂದೆ. ನನ್ನ ತಂದೆಗೆ ಎರಡು ಕೈಗಳಿವೆ.' ರೂಮಿನಲ್ಲಿ ಒಬ್ಬನೇ ಕೂತು ಗಟ್ಟಿಯಾಗಿ ಹೇಳುತ್ತಿದ್ದೆ. ಪ್ರತಿ ವಾಕ್ಯವೂ ನಿಜ, ವ್ಯಾಕರಣವೂ ಸರಿ. ಆದರೂ ಯಾವ ಮನುಷ್ಯನೂ ಇನ್ನೊಬ್ಬ ಮನುಷ್ಯನಿಗೆ ಆ ವಾಕ್ಯ ಹೇಳುವ ಸಂದರ್ಭ ಬರುವುದಿಲ್ಲ. ಹೇಳಬೇಕಾದ ಕಾರಣವೇ ಇಲ್ಲದ ನಿಜ ಅದು. ನಾಟಕ ಶುರುವಾಗುವುದೂ ಅಲ್ಲಿಂದಲೇ. ಗೋಡೆ ಗಡಿಯಾರ 17 ಹೊಡೆಯುತ್ತದೆ. ಸ್ಮಿತ್‌ನ ಹೆಂಡತಿ, 'ಓ, ಒಂಬತ್ತು ಗಂಟೆ ಆಯಿತು' ಎನ್ನುತ್ತಾಳೆ. ಆಮೇಲೆ ತಾವು ಏನೇನು ಊಟ ಮಾಡಿದೆವು ಎಂದು, ಜೊತೆಗೇ ಕೂತು ಉಂಡ ಗಂಡನಿಗೆ ವರದಿ ಒಪ್ಪಿಸುತ್ತಾಳೆ.

ನಮ್ಮನ್ನು ಅತಿ ಹೆಚ್ಚು ದಿನ ಹಿಡಿದಿಟ್ಟದ್ದು ಮಾರ್ಟಿನ್ ದಂಪತಿಯ ದೃಶ್ಯ. ಇವರು ಸ್ಮಿತ್ ಮನೆಗೆ ಬಂದ ಅತಿಥಿಗಳು. ಮಾರ್ಟಿನ್ ಗಂಡ ಹೆಂಡತಿ ಬಂದಿದ್ದಾರೆ ಎಂದು ಮೇರಿ ಮೊದಲೇ ಹೇಳಿಬಿಡುತ್ತಾಳೆ. ಹಾಗಾಗಿ ಪ್ರೇಕ್ಷಕರಿಗೆ ಗೊತ್ತು. ಅವರಿಬ್ಬರಿಗೆ ಮಾತ್ರ ಗೊತ್ತಿಲ್ಲ. ಎದುರು ಬದುರು ಕೂತು, ತಮ್ಮನ್ನು ಎಲ್ಲೋ ನೋಡಿದ ಹಾಗಿದೆ ಎಂದು ಮಾತು ಶುರು ಮಾಡುತ್ತಾರೆ. ಇಬ್ಬರೂ ಮ್ಯಾಂಚೆಸ್ಟರಿನವರು. ಇಬ್ಬರೂ ಊರು ಬಿಟ್ಟು ಸುಮಾರು ಐದು ವಾರ ಆಯಿತು. ಒಂದೇ ರೈಲು, ಒಂದೇ ಬೋಗಿ. ಈಗ ಇರುವುದು ಒಂದೇ ಬೀದಿಯಲ್ಲಿ, ಮನೆ ನಂಬರ್ 19. ಐದನೇ ಮಹಡಿ, ಎಂಟನೇ ನಂಬರಿನ ಮನೆ. ಮಲಗುವ ಕೋಣೆಯಲ್ಲಿ ಒಂದು ಮಂಚ, ಮಂಚದ ಮೇಲೆ ಹಸಿರು ಹೊದಿಕೆ. ಇಬ್ಬರಿಗೂ ಎರಡು ವರ್ಷದ ಮಗಳು, ಹೆಸರು ಆಲಿಸ್. ಅವಳದು ಒಂದು ಕಣ್ಣು ಬಿಳಿ, ಒಂದು ಕಣ್ಣು ಕೆಂಪು. ಕೊನೆಗೆ ಗಂಡ ತುಂಬಾ ಹೊತ್ತು ಯೋಚಿಸಿ, ನಿಧಾನಕ್ಕೆ ಎದ್ದು, ಹಾಗಾದರೆ ತಾವು ನನ್ನ ಹೆಂಡತಿಯೇ ಇರಬೇಕು ಎಂಬ ತೀರ್ಮಾನಕ್ಕೆ ಬರುತ್ತಾನೆ.

ಇದರಲ್ಲಿ ತರ್ಕ ತಪ್ಪಿದ್ದು ಎಲ್ಲಿ? ನಾವು ಒಂದೊಂದೇ ಮೆಟ್ಟಿಲು ಹಿಡಿದು ನೋಡಿದೆವು. ಪೊಲೀಸರು ಕೇಸ್ ಬಿಡಿಸುವುದೂ ಹೀಗೇ ಅಲ್ವಾ? ಊರು, ರೈಲು, ಬೀದಿ, ಮನೆ, ಮಂಚ, ಮಗು. ಪ್ರತಿ ಸಲ ವೃತ್ತ ಸಣ್ಣದಾಗುತ್ತಾ ಬರುತ್ತದೆ. ಇಷ್ಟೆಲ್ಲಾ ಹೊಂದಿದ ಮೇಲೆ ಇವರು ಗಂಡ ಹೆಂಡತಿ ಎನ್ನುವ ತೀರ್ಮಾನ ಯಾರಾದರೂ ಒಪ್ಪುವಂಥದ್ದೇ. ಕಾಣೆಯಾಗಿರುವುದು ನೆನಪು. ಸಾಕ್ಷಿ ಇಲ್ಲದೆಯೇ ಗೊತ್ತಿರಬೇಕಾದ ಒಂದು ಸಂಗತಿಯನ್ನು ಇವರು ಸಾಕ್ಷಿ ಹಾಕಿ ಸಾಧಿಸುತ್ತಿದ್ದಾರೆ. ನೆನಪಿನ ಜಾಗದಲ್ಲಿ ತರ್ಕ ಬಂದು ಕೂತಿದೆ, ತನ್ನ ಕೆಲಸ ನಿಯತ್ತಾಗಿ ಮಾಡುತ್ತಿದೆ.

ಇನ್ನೊಂದು ವಿಷಯ ಅವರ ಪಲ್ಲವಿ. ಪ್ರತಿ ಹೊಂದಿಕೆಗೂ ಇಬ್ಬರೂ 'ಎಷ್ಟು ವಿಚಿತ್ರ! ಎಂಥಾ ಆಕಸ್ಮಿಕ!' ಎನ್ನುತ್ತಾರೆ. ಶುರುವಿನಲ್ಲಿ ನಮ್ಮ ಮಾರ್ಟಿನ್ ಪಾತ್ರಧಾರಿ ಇದನ್ನು ಏರಿಸುತ್ತಾ ಹೋದ. ಊರಿಗೆ ಸ್ವಲ್ಪ ಆಶ್ಚರ್ಯ, ರೈಲಿಗೆ ಇನ್ನಷ್ಟು, ಮಂಚಕ್ಕೆ ಎದೆ ಬಡಿತ. ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ತಾನಾಗಿ ಬರುತ್ತದೆ. ಮೊದಲ ಎರಡು ದಿನ ಚೆನ್ನಾಗಿದೆ ಅನ್ನಿಸಿತು. ಮೂರನೇ ದಿನ ಆ ದೃಶ್ಯ ಸತ್ತುಹೋಯಿತು. ಏನಾಯಿತೆಂದು ಪುಸ್ತಕ ತಿರುವಿದರೆ ಬರೆದವರೇ ಅಲ್ಲಿ ಸೂಚನೆ ಕೊಟ್ಟಿದ್ದಾರೆ. ಮಾತು ಎಳೆದ ದನಿಯಲ್ಲಿ, ಒಂದೇ ಸಮನೆ, ಸ್ವಲ್ಪ ರಾಗವಾಗಿ, ಏರಿಳಿತವೇ ಇಲ್ಲದೆ ಇರಬೇಕು.

ಹಾಗೆ ಹೇಳಿಸಿದ ಮೇಲೆ ಆ ಪಲ್ಲವಿ ಏನು ಮಾಡುತ್ತಿದೆ ಎಂದು ಕಿವಿಗೆ ಬಿತ್ತು. ಆಕಸ್ಮಿಕಗಳು ಕೂಡುತ್ತಾ ಹೋದ ಹಾಗೆ ಖಾತ್ರಿ ಹೆಚ್ಚಬೇಕು, ಆಶ್ಚರ್ಯ ಕಡಿಮೆಯಾಗಬೇಕು. ಹತ್ತನೆಯದು ಹೊಂದುವಷ್ಟರಲ್ಲಿ ಯಾರಿಗಾದರೂ ಹೊಳೆಯಬೇಕು. ಇವರ ಆಶ್ಚರ್ಯ ಮೊದಲ ಸಲ ಎಷ್ಟಿತ್ತೋ ಕೊನೆಯ ಸಲವೂ ಅಷ್ಟೇ. ಪ್ರತಿ ಸಲ ಲೆಕ್ಕ ಸೊನ್ನೆಯಿಂದ ಶುರು. ಹಿಂದಿನದು ಮುಂದಿನದಕ್ಕೆ ಏನನ್ನೂ ಕಲಿಸುವುದಿಲ್ಲ. ಈ ನಾಟಕದ ಪುನರಾವರ್ತನೆ ಎಂದರೆ ನನಗೆ ಇದೇ. ದನಿ ಏರಿಸಿದರೆ ಪಾತ್ರ ಏನೋ ಕಲಿಯುತ್ತಿದೆ ಎಂದು ಪ್ರೇಕ್ಷಕರಿಗೆ ಅನ್ನಿಸುತ್ತದೆ, ಅಲ್ಲಿಗೆ ದೃಶ್ಯ ಕೆಟ್ಟಿತು. ಕೆಟ್ಟದ್ದು ಗೊತ್ತಾಗುವುದು ಪ್ರೇಕ್ಷಕರ ನಗುವಿನಿಂದ. ಏರಿಸಿ ಹೇಳಿದಾಗ ಪಾತ್ರಧಾರಿಯನ್ನು ನೋಡಿ ನಗುತ್ತಾರೆ. ಸಮನೆ ಹೇಳಿದಾಗ ಮೊದಲು ನಗುತ್ತಾರೆ, ನಡುವೆ ನಗು ನಿಲ್ಲುತ್ತದೆ, ಆಮೇಲೆ ಬೇರೆ ಥರದ ನಗು ಬರುತ್ತದೆ, ಸಣ್ಣದು, ಒಬ್ಬೊಬ್ಬರದೇ.

ನಾನು ಚಿಕ್ಕವನಿದ್ದಾಗ ರಾತ್ರಿಯೆಲ್ಲಾ ದೊಡ್ಡಾಟ ನೋಡುತ್ತಿದ್ದೆ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಕೇಳುತ್ತಾನೆ, ತಾವು ಯಾರು, ಎಲ್ಲಿಯವರು, ಬಂದ ಕಾರಣ ಏನು? ಬಂದವನು ಭೀಮ ಎಂದು ಗದೆ ನೋಡಿದ ಮಗುವಿಗೂ ಗೊತ್ತು. ಕೇಳುತ್ತಿರುವ ಸಾರಥಿಗೂ ಗೊತ್ತು. ಆದರೂ ಕೇಳಬೇಕು, ಭೀಮ ನೆಲ ನಡುಗುವ ಹಾಗೆ ಕುಣಿದು ತಾನು ಯಾರೆಂದು ಸಾರಬೇಕು. ಗೊತ್ತಿದ್ದೂ ಕೇಳುವ ಆ ಪ್ರಶ್ನೆಯಲ್ಲಿ ಒಂದು ಚೂರೂ ಅಸಂಗತ ಇಲ್ಲ. ಅದು ಪಾತ್ರಕ್ಕೆ ರಂಗದ ಬಾಗಿಲು ತೆರೆಯುವ ರೀತಿ. ಹಿಮ್ಮೇಳದವರು ಅದೇ ಸಾಲು ಮತ್ತೆ ಎತ್ತಿಕೊಂಡಾಗ ಆ ಹೆಸರು ಇನ್ನಷ್ಟು ಗಟ್ಟಿಯಾಗುತ್ತದೆ. ಮಾರ್ಟಿನ್ ದಂಪತಿಯೂ ಅದೇ ಪ್ರಶ್ನೆ ಕೇಳುತ್ತಾರೆ, ಅದೇ ಹಾಗೆ ಪಲ್ಲವಿ ಎತ್ತುತ್ತಾರೆ. ಇಲ್ಲಿ ಪ್ರತಿ ಸಲ ಹೆಸರು ತೆಳ್ಳಗಾಗುತ್ತದೆ. ಬರೀ ಪುನರಾವರ್ತನೆ ಇದೆ ಎಂದ ಮಾತ್ರಕ್ಕೆ ನಾಟಕ ಅಸಂಗತ ಆಗುವುದಿಲ್ಲ ಎಂದು ನಮ್ಮ ಹುಡುಗರಿಗೆ ತಿಳಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಲ್ಲ.

ಗುರುತು ಹಿಡಿಯುವ ಕ್ಷಣ ಕನ್ನಡಕ್ಕೆ ತರುವಾಗ ಒಂದು ತೊಡಕಾಯಿತು. ನಾವು ಮಾಡಿಕೊಂಡದ್ದು ಇಂಗ್ಲಿಷ್ ಅನುವಾದದಿಂದ. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಫ್ರೆಂಚಿನಲ್ಲಿ ನಮ್ಮ ಹಾಗೆ ಎರಡಿವೆ. ಮೂಲ ತೆರೆದು ನೋಡಿದರೆ ದೃಶ್ಯ ಪೂರ್ತಿ 'ನೀವು', ಕೊನೆಯಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು 'ಡೊನಾಲ್ಡ್, ನೀನೇನಾ!' ಎನ್ನುತ್ತಾಳೆ. ನಮ್ಮಲ್ಲಿ ಗಂಡ ನೀವು ಬಿಟ್ಟು ನೀನು ಅನ್ನಬಹುದು. ಹೆಂಡತಿ? ಅವಳು ಅಪರಿಚಿತನಿಗೂ ನೀವು ಅನ್ನುತ್ತಾಳೆ, ಗಂಡನಿಗೂ ನೀವೇ ಅನ್ನುತ್ತಾಳೆ. ಹೆಸರು ಹಿಡಿದು ಕರೆಯುವುದು ನಮ್ಮ ಕಡೆ ಹಳೆಯ ಮಂದಿಯ ಕಿವಿಗೆ ಒಗ್ಗುವುದಿಲ್ಲ. 'ರೀ' ಅನ್ನೋಣ ಎಂದರೆ ಹೌದ್ರೀ, ಬರ್ರೀ ಎಂದು ಅದು ಎಲ್ಲರಿಗೂ ಹತ್ತುವ ಮಾತು. ಗಂಡನನ್ನು ಗುರುತಿಸಿದಳು ಎನ್ನುವುದು ಕಿವಿಗೆ ಕೇಳಿಸಲೇ ಇಲ್ಲ.

ನಾಲ್ಕೈದು ದಿನ ಒದ್ದಾಡಿದೆವು. ಒಂದು ಸಂಜೆ ಆ ಪಾತ್ರ ಮಾಡುತ್ತಿದ್ದ ಹುಡುಗಿ, 'ಅಣ್ಣಾ, ನಮ್ಮವ್ವ ನಮ್ಮಪ್ಪನ್ನ ನನ್ನ ಹೆಸರು ಹಿಡಿದೇ ಕರೀತಾಳ' ಎಂದಳು. ಮಗುವಿನ ಹೆಸರು ಹೇಳಿ, ಅವರಪ್ಪಾ ಎಂದು. ಎದ್ದು ನಿಂತು ಮಾಡಿ ತೋರಿಸಿದಳು. ಏರಿಳಿತವಿಲ್ಲದ ದನಿಯಲ್ಲಿ, 'ಆಲಿಸ್ ಅಪ್ಪಾ...' ಕೋಣೆ ಒಂದು ಕ್ಷಣ ಸ್ತಬ್ಧವಾಯಿತು.

ಅದರಿಂದ ಮುಂದಿನ ದೃಶ್ಯಕ್ಕೆ ಏನಾಗುತ್ತದೆ ಎಂದು ಆಗ ನಾವು ಯೋಚಿಸಿರಲಿಲ್ಲ. ಗಂಡ ಹೆಂಡತಿ ಒಂದೇ ಕುರ್ಚಿಯಲ್ಲಿ ನಿದ್ದೆ ಹೋದ ಮೇಲೆ ಮೇರಿ ತುಟಿಯ ಮೇಲೆ ಬೆರಳಿಟ್ಟುಕೊಂಡು ಮೆಲ್ಲಗೆ ಬರುತ್ತಾಳೆ. ಪ್ರೇಕ್ಷಕರಿಗೆ ಒಂದು ಗುಟ್ಟು ಹೇಳುತ್ತಾಳೆ. ಈತ ಡೊನಾಲ್ಡ್ ಅಲ್ಲ, ಈಕೆ ಎಲಿಜಬೆತ್ ಅಲ್ಲ. ಯಾಕೆಂದರೆ ಅವನ ಮಗಳಿಗೆ ಬಿಳಿ ಇರುವುದು ಬಲಗಣ್ಣು, ಕೆಂಪು ಎಡಗಣ್ಣು. ಇವಳ ಮಗಳಿಗೆ ಕೆಂಪು ಬಲಗಣ್ಣು, ಬಿಳಿ ಎಡಗಣ್ಣು. ಒಂದೇ ಮಗು ಅಲ್ಲ ಎಂದ ಮೇಲೆ ಇಡೀ ಲೆಕ್ಕ ಬಿತ್ತು. ಮೂಲದಲ್ಲಿ ಬೀಳುವುದು ಒಂದು ತೀರ್ಮಾನ ಮಾತ್ರ. ನಮ್ಮಲ್ಲಿ ಅವಳು ಅವನನ್ನು ಕರೆದ ಹೆಸರೇ ಬಿದ್ದುಹೋಯಿತು. ಆಲಿಸ್ ಬೇರೆಯಾದರೆ ಆಲಿಸ್ ಅಪ್ಪ ಎಲ್ಲಿಂದ ಬಂದ? ನಿಜವಾದ ಡೊನಾಲ್ಡ್ ಯಾರು, ನಿಜವಾದ ಎಲಿಜಬೆತ್ ಯಾರು, ನನಗೆ ಗೊತ್ತಿಲ್ಲ, ಇದ್ದದ್ದು ಇದ್ದ ಹಾಗೇ ಇರಲಿ ಎನ್ನುತ್ತಾಳೆ ಮೇರಿ. ಹೋಗುವಾಗ ತನ್ನ ನಿಜವಾದ ಹೆಸರು ಷರ್ಲಾಕ್ ಹೋಮ್ಸ್ ಎಂದೂ ಹೇಳುತ್ತಾಳೆ.

ಬಾಗಿಲ ಗಂಟೆಯ ದೃಶ್ಯದಲ್ಲಿ ನಾನೇ ಇರುವುದರಿಂದ ಅದನ್ನು ಹೊರಗಿನಿಂದ ಕೇಳುತ್ತಾ ನಿಂತಿರುತ್ತಿದ್ದೆ. ಗಂಟೆ ಬಾರಿಸುತ್ತದೆ. ಸ್ಮಿತ್‌ನ ಹೆಂಡತಿ ಹೋಗಿ ಬಾಗಿಲು ತೆಗೆಯುತ್ತಾಳೆ, ಯಾರೂ ಇಲ್ಲ. ಮತ್ತೆ ಬಾರಿಸುತ್ತದೆ, ಯಾರೂ ಇಲ್ಲ. ಮೂರನೇ ಸಲವೂ ಇಲ್ಲ. ನಾಲ್ಕನೇ ಸಲ ಗಂಟೆ ಕೇಳಿದಾಗ ಅವಳು ಏಳುವುದಿಲ್ಲ. ಗಂಟೆ ಬಾರಿಸಿದೆ ಎಂದರೆ ಬಾಗಿಲಲ್ಲಿ ಯಾರೂ ಇರುವುದಿಲ್ಲ, ಅನುಭವದಿಂದ ಕಲಿತದ್ದು ಇದು ಎನ್ನುತ್ತಾಳೆ. ಗಂಡ ಹೋಗಿ ತೆಗೆದರೆ ಫೈರ್ ಆಫೀಸರ್ ನಿಂತಿದ್ದಾನೆ. ಅವಳು ಸೋಲುವುದಿಲ್ಲ. ಅದು ನಾಲ್ಕನೇ ಸಲ ಮಾತ್ರ, ನಾಲ್ಕನೆಯದು ಲೆಕ್ಕಕ್ಕಿಲ್ಲ.

ನೋಡಿ ಕಲಿಯುವುದು ಎಂದರೆ ನಾವೆಲ್ಲಾ ಮಾಡುವುದು ಇದನ್ನೇ. ಮೂರು ಸಲ ಕಂಡದ್ದನ್ನು ನಿಯಮ ಮಾಡಿಕೊಳ್ಳುತ್ತೇವೆ. ಮಾರ್ಟಿನ್ ದೃಶ್ಯದಲ್ಲಿ ಹಿಂದಿನದು ಏನೂ ಕಲಿಸಲಿಲ್ಲ, ಇಲ್ಲಿ ಅತಿಯಾಗಿ ಕಲಿಸಿಬಿಟ್ಟಿದೆ. ಎರಡು ದೃಶ್ಯ ಅಕ್ಕಪಕ್ಕ ಇಟ್ಟರೆ ಅದು ಕಾಣುತ್ತದೆ. ಆಮೇಲೆ ಆಫೀಸರನ್ನು ವಿಚಾರಿಸುತ್ತಾರೆ. ಮುಕ್ಕಾಲು ಗಂಟೆಯಿಂದ ಬಾಗಿಲಲ್ಲೇ ಇದ್ದೆ ಎನ್ನುತ್ತಾನೆ. ಮೊದಲ ಎರಡು ಸಲ ಬಾರಿಸಿದ್ದು ನಾನಲ್ಲ, ಬೇರೆ ಯಾರನ್ನೂ ನೋಡಲೂ ಇಲ್ಲ. ಮೂರನೆಯದು ನಾನೇ, ತಮಾಷೆಗೆ ಬಚ್ಚಿಟ್ಟುಕೊಂಡಿದ್ದೆ. ಕೊನೆಗೆ ರಾಜಿ ಮಾಡಿಸುತ್ತಾನೆ. ಗಂಟೆ ಬಾರಿಸಿದಾಗ ಕೆಲವು ಸಲ ಯಾರೋ ಇರುತ್ತಾರೆ, ಕೆಲವು ಸಲ ಯಾರೂ ಇರುವುದಿಲ್ಲ. ಎಲ್ಲರಿಗೂ ಸಮಾಧಾನ. ಆ ಮೊದಲ ಎರಡು ಗಂಟೆ ಬಾರಿಸಿದ್ದು ಯಾರು ಎಂದು ಯಾರೂ ಮತ್ತೆ ಕೇಳುವುದಿಲ್ಲ. ಈ ರಾಜಿಯ ಮಾತನ್ನು ನಾನು ಅತ್ಯಂತ ಪ್ರಾಮಾಣಿಕವಾಗಿ, ಊರ ಹಿರಿಯ ಪಂಚಾಯ್ತಿ ಬಿಡಿಸಿದ ಹಾಗೆ ಹೇಳುತ್ತಿದ್ದೆ. ಸ್ವಲ್ಪ ನಕ್ಕು ಹೇಳಿದರೂ ಅದು ಬರೀ ಜೋಕ್ ಆಗುತ್ತದೆ. ಪ್ಯಾರಿಸ್‌ನ ಮೊದಲ ತಂಡದವರೂ ಕೊನೆಗೆ ಅದನ್ನು ಗಂಭೀರ ನಾಟಕದ ಹಾಗೆಯೇ ಆಡಿದ್ದರು. ಐಯನೆಸ್ಕೋಗೆ ತಾವು ಬರೆದದ್ದು ಭಾಷೆಯ ದುರಂತ ಎನ್ನುವ ನಂಬಿಕೆ ಇತ್ತು, ಜನ ನಕ್ಕಾಗ ಅವರಿಗೇ ಆಶ್ಚರ್ಯ ಆಯಿತಂತೆ.

ಕೊನೆಯಲ್ಲಿ ನಾಲ್ವರೂ ಗಾದೆಯಂಥ ಮಾತುಗಳನ್ನು ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಅವು ಮೂಲದಲ್ಲಿ ಫ್ರೆಂಚಿನ ಸದ್ದಿಗೆ ಹೆಣೆದವು, ನೇರ ಕನ್ನಡ ಮಾಡಿದರೆ ಕಸ. ನಮ್ಮ ಗಾದೆಗಳನ್ನೇ ಮುರಿಯಲು ಕೂತೆವು. ಪೂರ್ತಿ ಪುಡಿ ಮಾಡಿದರೆ ಮಕ್ಕಳಾಟ ಆಗುತ್ತಿತ್ತು. ತಾಳ ಉಳಿಸಿಕೊಂಡು ಒಳಗಿನದನ್ನು ಮಾತ್ರ ಅದಲುಬದಲು ಮಾಡಿದರೆ ಕೆಲಸ ಮಾಡಿತು. 'ಕಾಲು ಇದ್ದಷ್ಟು ಹಾಸಿಗೆ ಚಾಚು.' 'ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ರೋಗವಿಲ್ಲ.' ಎರಡನೆಯದನ್ನು ಓದಿದಾಗ ಕೇಳುತ್ತಾ ಕೂತಿದ್ದ ಮೂವರು ಹೌದು ಎಂದು ತಲೆಯಾಡಿಸಿದರು. ಅದನ್ನು ನೋಡಿ ನನಗೆ ಸ್ವಲ್ಪ ಭಯವೇ ಆಯಿತು.

ಕಿರುಚಾಟ ಜೋರಾಗಿ, ದೀಪ ಆರಿ, ಸದ್ದು ಥಟ್ಟನೆ ನಿಲ್ಲುತ್ತದೆ. ದೀಪ ಬಂದಾಗ ಮೊದಲು ಸ್ಮಿತ್ ದಂಪತಿ ಕೂತಿದ್ದ ಕುರ್ಚಿಗಳಲ್ಲಿ ಮಾರ್ಟಿನ್ ದಂಪತಿ. ಅವೇ ಸಾಲುಗಳಿಂದ ನಾಟಕ ಮತ್ತೆ ಶುರು, ಪರದೆ ನಿಧಾನಕ್ಕೆ ಇಳಿಯುತ್ತದೆ. ಮೊದಮೊದಲು ಸ್ಮಿತ್ ದಂಪತಿಯೇ ಮತ್ತೆ ಶುರು ಮಾಡುತ್ತಿದ್ದರಂತೆ, ಈ ಬದಲಾವಣೆ ಆಮೇಲೆ ಬಂದದ್ದು. ಎಷ್ಟು ಸಾಲು ಹೇಳಿ ನಿಲ್ಲಿಸಬೇಕು ಎಂದು ನಾವು ಮಾಡಿ ನೋಡಿದೆವು. ಒಂದೇ ಸಾಲಾದರೆ ಜನ ಇದು ಮರೆತು ಹೇಳಿದ್ದು ಎಂದುಕೊಂಡರು. ಒಂದು ಪುಟ ಹೇಳಿದರೆ ಚಪ್ಪಲಿ ಹುಡುಕತೊಡಗಿದರು. ಮೂರು ಸಾಲಿಗೆ ಸರಿಯಾಯಿತು. ಮೊದಲ ಸಲ ಆ ಊಟದ ವರದಿ ಸ್ಮಿತ್‌ನ ಹೆಂಡತಿಯ ಮಾತು ಆಗಿತ್ತು. ಈಗ ಅದು ಯಾರ ಮಾತೂ ಅಲ್ಲ, ಆ ಕುರ್ಚಿಯಲ್ಲಿ ಕೂತವರ ಬಾಯಲ್ಲಿ ಬರುವ ಮಾತು.

ಇಲ್ಲಿ ನಮ್ಮಲ್ಲೇ ಜಗಳ ಆಯಿತು. ಗೆಳೆಯನೊಬ್ಬ, ಕೊನೆಯಲ್ಲಿ ಮೇರಿ ಮುಂದೆ ಬಂದು 'ಇದು ಇವರ ಕಥೆಯಲ್ಲ, ನಿಮ್ಮ ಮನೆಯ ಕಥೆ' ಎಂದು ಹೇಳಲಿ ಎಂದ. ಇಲ್ಲದಿದ್ದರೆ ನಮ್ಮ ಜನಕ್ಕೆ ತಲುಪುವುದಿಲ್ಲ ಎನ್ನುವುದು ಅವನ ವಾದ. ಅವನ ಕಾಳಜಿ ನಿಜವಾದದ್ದು, ಅದಕ್ಕೇ ಒಂದು ಸಂಜೆ ಹಾಗೇ ಮಾಡಿ ನೋಡಿದೆವು. ಆ ಸಾಲಿಗೆ ಚಪ್ಪಾಳೆ ಬಿತ್ತು. ಆದರೆ ಇಳಿಯುವಾಗ ಮೆಟ್ಟಿಲ ಮೇಲೆ ಜನ ಮೊಬೈಲ್ ಬಗ್ಗೆ, ಟಿವಿ ಬಗ್ಗೆ, ಈಗಿನ ಗಂಡ ಹೆಂಡತಿ ಮಾತಾಡುವುದಿಲ್ಲ ಎನ್ನುವುದರ ಬಗ್ಗೆ ಮಾತಾಡುತ್ತಾ ಹೋದರು. ಗಡಿಯಾರ, ಗಂಟೆ, ಹಸಿರು ಹೊದಿಕೆ ಎಲ್ಲವೂ ಆ ಒಂದು ಸಾಲಿಗೆ ಉದಾಹರಣೆಯಾಗಿ ಕರಗಿಹೋಗಿದ್ದವು. ಮಾರ್ಟಿನ್ ದಂಪತಿ ಮಾತಾಡದೆ ಕೂತವರಲ್ಲ. ಅವರು ಬಹಳ ಮಾತಾಡುತ್ತಾರೆ, ಎಚ್ಚರದಿಂದ ಮಾತಾಡುತ್ತಾರೆ, ಒಬ್ಬರ ಮಾತು ಒಬ್ಬರು ಕಿವಿಗೊಟ್ಟು ಕೇಳುತ್ತಾರೆ. ನಾವು ಸೇರಿಸಿದ ಸಾಲು ನಾಟಕದ ಬಗ್ಗೆ ಸುಳ್ಳು ಹೇಳುತ್ತಿತ್ತು. ಮಾರನೇ ದಿನ ಅದನ್ನು ತೆಗೆದೆವು.

ಕೊನೆಯ ಓದಿಗೆ ಸುಮಾರು 40 ಜನ ಬಂದಿದ್ದರು. ಮುಗಿದ ಮೇಲೆ ಒಬ್ಬ ಹಿರಿಯರು ಇದರ ಸಂದೇಶ ಏನು ಎಂದು ಕೇಳಿದರು. ನಾನು ಉತ್ತರಕ್ಕೆ ತಡವರಿಸುತ್ತಿದ್ದಾಗ ಮೇರಿ ಪಾತ್ರದ ಹುಡುಗಿಯ ಅಜ್ಜಿ ಹಿಂದಿನ ಸಾಲಿನಿಂದ ಕೈ ಎತ್ತಿದರು.

'ಬಲಗಣ್ಣು ಬಿಳಿ ಅಂದ್ಯಲ್ಲಮ್ಮ, ಅದು ಕೂಸಿನ ಬಲಾನಾ, ನೋಡಾರ ಬಲಾನಾ?'

ಹುಡುಗಿ ನನ್ನ ಮುಖ ನೋಡಿದಳು. ನಾನು ಪುಸ್ತಕ ನೋಡಿದೆ. ಅಪ್ಪ ಕೂಸಿನ ಕಡೆಯಿಂದ ಹೇಳಿದ್ದು, ಅವ್ವ ಎದುರು ನಿಂತು ತನ್ನ ಕಡೆಯಿಂದ ಹೇಳಿದ್ದು ಎಂದಾದರೆ ಆಲಿಸ್ ಒಬ್ಬಳೇ. ಆಗ ಮೇರಿಯ ಲೆಕ್ಕ ಬೀಳುತ್ತದೆ, ಅವನು ಮತ್ತೆ ಆಲಿಸ್ ಅಪ್ಪ ಆಗುತ್ತಾನೆ. ಇಬ್ಬರೂ ಒಂದೇ ಕಡೆಯಿಂದ ಹೇಳಿದ್ದಾದರೆ ಆಗುವುದಿಲ್ಲ. ಎರಡು ತಿಂಗಳು ಆ ಸಾಲು ಓದಿದ್ದೆವು. ಆ ಹುಡುಗಿ ಪ್ರತಿ ಸಂಜೆ ನಮ್ಮ ಕಡೆ ಮುಖ ಮಾಡಿ, ಬಲಗಣ್ಣು ಎನ್ನುವಾಗ ತನ್ನ ಬಲಗಣ್ಣನ್ನೇ ಮುಟ್ಟಿ ತೋರಿಸುತ್ತಿದ್ದಳು. ಎದುರು ಕೂತ ನಮಗೆ ಅದು ಎಡಗಡೆ ಕಾಣುತ್ತಿತ್ತು.

'ಗೊತ್ತಿಲ್ಲ ಅಜ್ಜಿ' ಎಂದೆ.

'ಮತ್ತ ಕೂಸಿನ್ನ ಕರಕೊಂಡು ಬಂದು ನೋಡಬೇಕಿತ್ತು' ಎಂದರು ಅಜ್ಜಿ. ಆಮೇಲೆ ಪಕ್ಕದವರ ಕಡೆ ತಿರುಗಿ, ತಮ್ಮ ಕಣ್ಣಿನ ಮೇಲೆ ಬೆರಳಿಟ್ಟು, ಬಲ ಯಾವುದು ಎಡ ಯಾವುದು ಎಂದು ಮೊದಲಿನಿಂದ ಲೆಕ್ಕ ಹಾಕತೊಡಗಿದರು.